ಶೇಂಗಾ ಚಟ್ನಿಪುಡಿಯ ಲಿಸ್ಟಿಂಗ್ ಮತ್ತೆ ವಾಪಸ್ಸು ಬಂದಿದೆ: ಇದರಲ್ಲಿ ಗೋಧಿ ಎಲ್ಲಿದೆ?

ಡೊಂಬಿವಲಿ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ನಾವು ಕೆಲವು ಹೆಂಗಸರು ಸೇರಿ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ಎಫ್‌ಎಸ್‌ಎಸ್‌ಎಐ ನೋಂದಣಿ ಇದೆ, 14 ಅಂಕಿಗಳ ಸಂಖ್ಯೆಯನ್ನು ಪೌಚಿನ ಮೇಲೆ ಮುದ್ರಿಸಿದ್ದೇವೆ. ಇಷ್ಟು ದಿನ ಪರಿಚಯದವರಿಗೆ ಮತ್ತು ಕರ್ನಾಟಕ ಸಂಘದ ಮಳಿಗೆಗಳಲ್ಲಿ ಮಾರುತ್ತಿದ್ದೆವು, ಈಗ ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಹಾಕಲು ಹೊರಟಿದ್ದೇವೆ. ನಾವು ತುಂಬಿದ ವಿವರ ಹೀಗಿತ್ತು.

```
Shenga Chutney Powder, 250 gms (approx)
Ingredients: Byadgi chilli, garlic, peanut,
             dry coconut, spices
Allergens: Nil
Best before: 6 months
Net Quantity: 280 gms
```

ಅಲರ್ಜಿಯ ವಿವರ ಘಟಕಗಳ ಪಟ್ಟಿಗೆ ಹೊಂದುತ್ತಿಲ್ಲ, ತೂಕದ ನಮೂನೆ ಸರಿಯಿಲ್ಲ ಎಂದು ಅವರು ಅದನ್ನು ಹಿಂದಿರುಗಿಸಿದ್ದಾರೆ. ಶೇಂಗಾ ಅಲರ್ಜಿ ತರುತ್ತದೆ ಎನ್ನುವುದು ಅರ್ಥವಾಯಿತು. ಆದರೆ ಅವರ ಕಡೆಯವರು ಫೋನಿನಲ್ಲಿ "ಇದರಲ್ಲಿ ಗೋಧಿ ಇದೆಯೇ, ಪರಿಶೀಲಿಸಿ" ಎಂದೂ ಹೇಳಿದರು. ಚಟ್ನಿಪುಡಿಗೆ ಗೋಧಿ ಹಾಕುವವರು ಯಾರಾದರೂ ಇದ್ದಾರೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮಾಟುಂಗಾ ಮಾವ

ತಂಗಿ, ಗಾಬರಿಯಾಗಬೇಕಾದ ವಿಷಯವೇನೂ ಇಲ್ಲ. ನಾನು ಬಹುಕಾಲ ಕುರುಕಲು ತಿಂಡಿಗಳ ಸಗಟು ವ್ಯಾಪಾರ ಮಾಡಿದವನು. ಅಲರ್ಜಿಯ ಜಾಗದಲ್ಲಿ ಶೇಂಗಾ ಎಂದು ಬರೆಯಿರಿ, ಅಲ್ಲಿಗೆ ಮುಗಿಯಿತು. ಗೋಧಿಯ ಮಾತು ಬಂದಿರುವುದು ಬಹುಶಃ ಇಂಗಿನಿಂದ. ಆದರೆ ಶೇ. 5ಕ್ಕಿಂತ ಕಡಿಮೆ ಬಳಸಿದ ಸಂಯುಕ್ತ ಪದಾರ್ಥದ ಒಳಗೆ ಏನೇನಿದೆ ಎಂದು ಬಿಡಿಸಿ ಬರೆಯಬೇಕಾಗಿಲ್ಲ ಎಂದು ನಿಯಮವೇ ಹೇಳುತ್ತದೆ. ಒಂದು ಚಿಟಿಕೆ ಇಂಗಿಗೆ ಯಾರೂ ನಿಮ್ಮನ್ನು ಹಿಡಿಯಲಾರರು. ಬೆಸ್ಟ್ ಬಿಫೋರ್ ಎಂದು ಬರೆದಿರುವುದೂ ಸಾಕು. ತೂಕದಲ್ಲಿ 250 ಗ್ರಾಮಿನ ಪೊಟ್ಟಣಕ್ಕೆ 9 ಗ್ರಾಮಿನವರೆಗೆ ರಿಯಾಯಿತಿ ಇದೆ, ಆದ್ದರಿಂದ "ಅಂದಾಜು" ಎನ್ನುವ ಮಾತನ್ನು ತೆಗೆದುಬಿಡಿ.

ವಾಶಿ ಮಂಡಿ

ಇಂಗು ಎಂದು ನಾವು ಅಂಗಡಿಯಲ್ಲಿ ಕೊಳ್ಳುವುದರಲ್ಲಿ ಅಪ್ಪಟ ಇಂಗು ಸ್ವಲ್ಪವೇ ಇರುತ್ತದೆ. ಉಳಿದದ್ದು ಗೋಂದು ಮತ್ತು ಹಿಟ್ಟು. ಆ ಹಿಟ್ಟು ಹೆಚ್ಚಾಗಿ ಗೋಧಿಯದು ಅಥವಾ ಮೈದಾ. ಅಕ್ಕ, ನಿಮ್ಮ ಇಂಗಿನ ಡಬ್ಬಿಯ ಹಿಂಬದಿಯನ್ನು ಒಮ್ಮೆ ಓದಿ ಇಲ್ಲಿ ಹಾಕಿ.

ಡೊಂಬಿವಲಿ ಅಡುಗೆಮನೆ

ಈಗಷ್ಟೇ ಓದಿದೆ. ತಿನ್ನಬಹುದಾದ ಗೋಂದು, ಗೋಧಿ ಹಿಟ್ಟು, ಇಂಗು ಎಂದು ಇದೇ ಅನುಕ್ರಮದಲ್ಲಿದೆ. ಇಂಗಿನ ಡಬ್ಬಿಯಲ್ಲಿ ಇಂಗಿಗೇ ಕೊನೆಯ ಸ್ಥಾನ ಸಿಕ್ಕಿದೆ!

ಹಾಗಾದರೆ ಮಾವನವರು ಹೇಳಿದ ಶೇ. 5ರ ನಿಯಮ ನಮಗೆ ಅನ್ವಯಿಸುತ್ತದೆಯೇ? ನಮ್ಮ ಒಂದು ಸಲದ ಅಳತೆ ಹೀಗಿದೆ: ಹುರಿದ ಶೇಂಗಾ 6 ಕಿಲೋ, ಒಣ ಕೊಬ್ಬರಿ 1,200 ಗ್ರಾಂ, ಬ್ಯಾಡಗಿ ಮೆಣಸಿನಪುಡಿ 800 ಗ್ರಾಂ, ಬೆಳ್ಳುಳ್ಳಿ 600 ಗ್ರಾಂ, ಉಪ್ಪು 450 ಗ್ರಾಂ, ಬೆಲ್ಲ 300 ಗ್ರಾಂ, ಜೀರಿಗೆ 150 ಗ್ರಾಂ, ಇಂಗು 20 ಗ್ರಾಂ.

ಭೋಸರಿ ಹಳಬ

ನಾನು ಪುಣೆಯ ಕೈಗಾರಿಕಾ ಪ್ರದೇಶದ ಆಹಾರ ಕಾರ್ಖಾನೆಯೊಂದರಲ್ಲಿ ಲೇಬಲ್ ಪರಿಶೀಲನೆಯ ಕೆಲಸವನ್ನೇ ಮಾಡಿ ನಿವೃತ್ತನಾದವನು. ಮಾಟುಂಗಾ ರಾಯರು ಹೇಳಿದ ನಿಯಮ ಇರುವುದು ನಿಜ, ಆದರೆ ಅದನ್ನು ಅವರು ಅದು ತಲುಪದ ಜಾಗಕ್ಕೂ ಎಳೆದಿದ್ದಾರೆ.

ಘಟಕಗಳ ಪಟ್ಟಿ ಒಂದು ಕಟ್ಟಳೆ, ಅಲರ್ಜಿಯ ಘೋಷಣೆ ಬೇರೆಯೇ ಕಟ್ಟಳೆ. ಸಂಯುಕ್ತ ಪದಾರ್ಥವು ಶೇ. 5ಕ್ಕಿಂತ ಕಡಿಮೆ ಇದ್ದಾಗ ಅದರ ಒಳಗಿನದನ್ನು ಘಟಕಗಳ ಪಟ್ಟಿಯಲ್ಲಿ ಬಿಡಿಸದೆ "ಇಂಗು" ಎಂದಷ್ಟೇ ಬರೆಯಬಹುದು. ಆದರೆ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಾವಳಿಯು ಹೆಸರಿಸಿದ ಅಲರ್ಜಿಕಾರಕಗಳು ಆಹಾರದಲ್ಲಿದ್ದರೆ ಅವನ್ನು "Contains" ಎಂಬ ಸಾಲಿನಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಶೇ. 5ರ ಮರೆ ಇಲ್ಲ. ಆ ಪಟ್ಟಿಯಲ್ಲಿರುವುದು ಗ್ಲೂಟೆನ್ ಇರುವ ಧಾನ್ಯಗಳು, ಸಿಗಡಿ ಏಡಿಗಳಂಥ ಚಿಪ್ಪುಜೀವಿಗಳು, ಹಾಲು, ಮೊಟ್ಟೆ, ಮೀನು, ಶೇಂಗಾ, ಗೋಡಂಬಿ ಬಾದಾಮಿಯಂಥ ಮರದ ಬೀಜಗಳು, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವ ಸಲ್ಫೈಟ್. ನಿಮ್ಮ ಪುಡಿಯಲ್ಲಿ ಇವುಗಳ ಪೈಕಿ ಎರಡು ಖಚಿತವಾಗಿ ಇವೆ. ಶೇಂಗಾ ಕಣ್ಣಿಗೆ ಕಾಣುತ್ತದೆ, ಗೋಧಿ ಇಂಗಿನ ಡಬ್ಬಿಯಲ್ಲಿ ಅಡಗಿದೆ.

ಇನ್ನು ಘಟಕಗಳ ಅನುಕ್ರಮ. ತಯಾರಿಸುವಾಗ ಹಾಕಿದ ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು ಬರಬೇಕು. ನೀವು ಬ್ಯಾಡಗಿ ಮೆಣಸಿನಕಾಯಿಯನ್ನು ಮೊದಲು ಬರೆದಿದ್ದೀರಿ, ಬಣ್ಣಕ್ಕೂ ಹೆಸರಿಗೂ ಅದೇ ಮುಖ್ಯ ಎಂದಿರಬಹುದು, ಆದರೆ ಅದು 800 ಗ್ರಾಂ ಮಾತ್ರ. ಉಪ್ಪು, ಬೆಲ್ಲ ನಿಮ್ಮ ಪಟ್ಟಿಯಲ್ಲೇ ಇಲ್ಲ. ಮೆಣಸಿನಕಾಯಿ, ಜೀರಿಗೆಗಳನ್ನು "spices and condiments" ಎಂಬ ಗುಂಪಿನ ಹೆಸರಿನಲ್ಲಿ ಸೇರಿಸಲು ಅವಕಾಶವಿದೆ. ಆದರೆ ಹಿಟ್ಟು ಬೆರೆತ ಇಂಗನ್ನು ಅದರಲ್ಲಿ ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲವನ್ನೂ ಹೆಸರಿಸಿ ಬರೆದರೆ ಸಾಲು ಒಂದೇ ಹೆಚ್ಚಾಗುತ್ತದೆ.

ಮಾಟುಂಗಾ ಮಾವ

ಹಳಬರೇ, 9,520 ಗ್ರಾಮಿನಲ್ಲಿ 20 ಗ್ರಾಂ ಇಂಗು. ಅದರಲ್ಲಿ ಹಿಟ್ಟು ಅರ್ಧ ಎಂದು ಹಿಡಿದರೂ 10 ಗ್ರಾಂ. ಇದಕ್ಕಾಗಿ "ಗೋಧಿ ಇದೆ" ಎಂದು ದೊಡ್ಡದಾಗಿ ಬರೆದರೆ ಅರ್ಧ ಗಿರಾಕಿಗಳು ಹೆದರಿ ಓಡುತ್ತಾರೆ. ನಿಯಮ ಮಾಡುವವರಿಗೆ ವ್ಯಾಪಾರ ಗೊತ್ತಿಲ್ಲ.

ಕೋಥ್ರೂಡ್ ತಾಯಿ

ಮಾವನವರೇ, ಹೆದರಿ ಓಡಬೇಕಾದವರು ನಮ್ಮಂಥವರು, ಓಡಲು ನಮಗೆ ಅವಕಾಶವನ್ನಾದರೂ ಕೊಡಿ. ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿಯ ಅಂಶ ಹೊಟ್ಟೆಗೆ ಹೋದರೆ ತಕ್ಷಣ ಮೈಮೇಲೆ ಗಂಧೆ ಏಳುವುದಿಲ್ಲ, ಕರುಳಿನ ಒಳಪದರ ಹಾಳಾಗುತ್ತದೆ, ಆದ್ದರಿಂದ "ತಿಂದು ನೋಡೋಣ" ಎನ್ನುವಂತಿಲ್ಲ. ಕಳೆದ ವರ್ಷ ಒಂದು ಸಾರಿನ ಪುಡಿಯನ್ನು ಆನ್‌ಲೈನಿನಲ್ಲಿ ತರಿಸಿದೆ. ಲಿಸ್ಟಿಂಗಿನಲ್ಲಿ "ಗ್ಲೂಟೆನ್ ಫ್ರೀ" ಎಂಬ ಗುರುತಿತ್ತು. ಪೊಟ್ಟಣ ಬಂದ ಮೇಲೆ ನೋಡಿದರೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಗೋಧಿ ಇದೆ ಎಂದಿತ್ತು. ಲೇಬಲ್ ಬರೆದವರು ಪ್ರಾಮಾಣಿಕರು, ಲಿಸ್ಟಿಂಗ್ ತುಂಬಿದವರು ಯಾರೋ ಬೇರೆಯವರು. ಅಂಗಡಿಯಲ್ಲಾದರೆ ಪೊಟ್ಟಣ ತಿರುಗಿಸಿ ನೋಡಿ ಕೆಳಗಿಡುತ್ತಿದ್ದೆ, ಪರದೆಯ ಮೇಲೆ ಆ ಹಿಂಬದಿಯೇ ಇರಲಿಲ್ಲ.

ಭೋಸರಿ ಹಳಬ

ತಾಯಿಯವರ ಪ್ರಕರಣದಲ್ಲಿ ಆಗಿರುವುದು ಹೆಚ್ಚಾಗಿ ಹೀಗೆಯೇ. ಚಟ್ನಿಪುಡಿ, ಸಾರಿನ ಪುಡಿಗಳಿಗೆ ಗೋಧಿ ಹಾಕುವುದಿಲ್ಲ ಎಂಬ ನಂಬಿಕೆಯಿಂದ ಯಾರೋ ಆ ಚೌಕದಲ್ಲಿ ಗುರುತು ಹಾಕುತ್ತಾರೆ. ಆದರೆ ಗ್ಲೂಟೆನ್ ಫ್ರೀ ಎನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಇದೆ.

ಮಾಟುಂಗಾ ರಾಯರ ಲೆಕ್ಕವನ್ನೇ ಮುಂದುವರಿಸೋಣ. 9,520 ಗ್ರಾಮಿನಲ್ಲಿ 10 ಗ್ರಾಂ ಹಿಟ್ಟು ಎಂದರೆ ಒಂದು ಕಿಲೋ ಚಟ್ನಿಪುಡಿಯಲ್ಲಿ ಸುಮಾರು 1,050 ಮಿಲಿಗ್ರಾಂ ಹಿಟ್ಟು. ಗೋಧಿ ಹಿಟ್ಟಿನಲ್ಲಿ ಗ್ಲೂಟೆನ್ ನೂರಕ್ಕೆ ಎಂಟು ಎಂದು ಕಡಿಮೆಯಾಗಿಯೇ ಹಿಡಿದರೂ ಕಿಲೋಗೆ 84 ಮಿಲಿಗ್ರಾಂ ಆಯಿತು. ಮಿತಿಯ ನಾಲ್ಕು ಪಟ್ಟು. ಹಿಟ್ಟು ಅರ್ಧ ಎನ್ನುವುದು ನಮ್ಮ ಊಹೆ, ನಿಜವಾದ ಅಂಕಿ ಇಂಗು ಮಾಡುವವರ ಬಳಿ ಇರುತ್ತದೆ. ಆದರೆ ಚಿಟಿಕೆಯಷ್ಟು ಎಂದು ತಳ್ಳಿಹಾಕುವಂತಿಲ್ಲ ಎನ್ನುವುದಕ್ಕೆ ಈ ಲೆಕ್ಕ ಸಾಕು.

ಮಾಟುಂಗಾ ಮಾವ

ಲೆಕ್ಕ ನನ್ನದೇ ಆದ್ದರಿಂದ ಒಪ್ಪಲೇಬೇಕಾಗಿದೆ. ಆದರೂ ಗಿರಾಕಿ ಓಡುತ್ತಾನೆ ಎನ್ನುವ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ವಾಶಿ ಮಂಡಿ

ಓಡದಂತೆ ಮಾಡಲು ಬೇರೆ ದಾರಿ ಇದೆಯಲ್ಲ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಮಾರುಕಟ್ಟೆಯಲ್ಲಿ ಸಿಗುತ್ತದೆ. ಆದರೆ ಕೊಳ್ಳುವ ಮೊದಲು ಅದರ ಲೇಬಲಿನಲ್ಲಿಯೂ "ಗೋಧಿ ಇರಬಹುದು" ಎಂಬ ಸಾಲು ಇದೆಯೇ ಎಂದು ನೋಡಿ, ಏಕೆಂದರೆ ಎರಡೂ ಬಗೆಯನ್ನು ಒಂದೇ ಯಂತ್ರದಲ್ಲಿ ಬೀಸುವವರಿದ್ದಾರೆ. ಇನ್ನೊಂದು ಮಾತು: ಇಂಗಿನ ಬ್ರ್ಯಾಂಡನ್ನು ದರ ನೋಡಿ ತಿಂಗಳು ತಿಂಗಳು ಬದಲಿಸುವ ಅಭ್ಯಾಸವಿದ್ದರೆ ಅದನ್ನು ಬಿಡಿ. ಇಲ್ಲವಾದರೆ ಪ್ರತಿ ಬಾರಿ ಲೇಬಲನ್ನೂ ಲಿಸ್ಟಿಂಗನ್ನೂ ಬದಲಿಸಬೇಕಾಗುತ್ತದೆ.

ವಾಸ್ಕೋ ಹುಡುಗ

ನಮಸ್ಕಾರ, ನಾನು ಗೋವಾದಿಂದ. ನಮ್ಮ ಅಮ್ಮ ಹಬ್ಬದ ದಿನಗಳಲ್ಲಿ ಹೋಳಿಗೆ, ಬೇಸನ್ ಉಂಡೆ ಮಾಡಿ ತಟ್ಟೆಯಲ್ಲಿಟ್ಟು ಬಿಡಿಯಾಗಿ ಮಾರುತ್ತಾರೆ. ಹಾಗಾದರೆ ನಾವೂ ಪ್ರತಿ ಹೋಳಿಗೆಯ ಮೇಲೆ "ಗೋಧಿ ಇದೆ" ಎಂದು ಚೀಟಿ ಅಂಟಿಸಬೇಕೇ?

ಭೋಸರಿ ಹಳಬ

ತಮ್ಮಾ, ಇಲ್ಲಿ ಮಾತಾಡುತ್ತಿರುವುದು ಮೊದಲೇ ಪೊಟ್ಟಣ ಕಟ್ಟಿ ಆನ್‌ಲೈನಿನಲ್ಲಿ ಮಾರುವ ಸರಕಿನ ಬಗ್ಗೆ. ಬಿಡಿಯಾಗಿ ಮಾರುವ ಸಿಹಿಗೆ ಬೇರೆ ಕಟ್ಟಳೆ. 2020ರ ಅಕ್ಟೋಬರ್ 1ರಿಂದ ಸಿಹಿ ಅಂಗಡಿಗಳು ತಟ್ಟೆಯ ಬಳಿ ಬೆಸ್ಟ್ ಬಿಫೋರ್ ದಿನಾಂಕವನ್ನು ಪ್ರದರ್ಶಿಸಬೇಕು ಎಂದು ಪ್ರಾಧಿಕಾರ ಹೇಳಿತು. ಹೋಳಿಗೆಯ ಮೇಲೆ ಚೀಟಿ ಬೇಡ. ಗೋವಾದ ಆಹಾರ ಮತ್ತು ಔಷಧ ಆಡಳಿತದ ಕಚೇರಿ ಬಾಂಬೋಳಿಯಲ್ಲಿದೆ, ಒಮ್ಮೆ ಹೋಗಿ ಕೇಳಿ ಬನ್ನಿ.

ಠಾಣೆ ಲೆಕ್ಕಿಗ

ತೂಕದ ವಿಷಯವನ್ನು ಯಾರೂ ಮುಟ್ಟಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ಅಕ್ಕನವರ ಲಿಸ್ಟಿಂಗಿನಲ್ಲಿ ಒಂದು ಕಡೆ 250, ಇನ್ನೊಂದು ಕಡೆ 280 ಇದೆ. 280 ಎನ್ನುವುದು ಕೊರಿಯರ್‌ಗೆ ಬೇಕಾದ ಒಟ್ಟು ತೂಕ ಇರಬೇಕು. ಈ ಜಾಲತಾಣಗಳಲ್ಲಿ ಎರಡು ಬೇರೆ ಬೇರೆ ಖಾನೆಗಳಿರುತ್ತವೆ. ನಿವ್ವಳ ತೂಕದ ಖಾನೆಯಲ್ಲಿ ಪುಡಿಯ ತೂಕ ಮಾತ್ರ ಬರಬೇಕು, ಪೌಚು, ಪೆಟ್ಟಿಗೆ, ಗುಳ್ಳೆ ಹಾಳೆ ಯಾವುದೂ ಸೇರಬಾರದು. ಸಾಗಣೆಯ ತೂಕ ಅದರದೇ ಖಾನೆಗೆ ಹೋಗಲಿ.

ನಮೂನೆಯ ಬಗ್ಗೆ ಹೇಳುವುದಾದರೆ, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮಿನಲ್ಲಿ ಬರೆಯಬೇಕು. ಗ್ರಾಮಿನ ಚಿಹ್ನೆ `g`. `gm`, `gms`, `Gms.` ಯಾವುದೂ ಚಿಹ್ನೆಯಲ್ಲ. `0.25 kg` ಎಂದೂ ಬರೆಯುವಂತಿಲ್ಲ. "ಅಂದಾಜು", "ಕನಿಷ್ಠ", "ಸರಾಸರಿ" ಎಂಬ ಮಾತುಗಳನ್ನು ನಿವ್ವಳ ತೂಕದ ಪಕ್ಕದಲ್ಲಿ ಬಳಸಬಾರದು. ಆದ್ದರಿಂದ `250 g`, ಅಷ್ಟೇ. ಎರಡು ಪೌಚುಗಳ ಜೋಡಿಯನ್ನು ಮಾರಿದರೆ ಒಟ್ಟನ್ನೂ ಬಿಡಿಯನ್ನೂ ಎರಡನ್ನೂ ತೋರಿಸಿ.

```
Net Quantity: 500 g (2 x 250 g)
```

ಬೆಲೆ 180 ರೂಪಾಯಿ ಇದ್ದರೆ ಬಿಡಿ ಅಳತೆಯ ದರವನ್ನೂ ತೋರಿಸಬೇಕು. ಒಂದು ಕಿಲೋಗಿಂತ ಕಡಿಮೆಯ ಪೊಟ್ಟಣವಾದ್ದರಿಂದ ಅದು ಗ್ರಾಮಿಗೆ 0.72 ರೂಪಾಯಿ ಆಗುತ್ತದೆ.

ಮಾಟುಂಗಾ ಮಾವ

ನಾನು ಹೇಳಿದ 9 ಗ್ರಾಮಿನ ರಿಯಾಯಿತಿಯನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ ಎನ್ನುವುದನ್ನು ಗಮನಿಸಬೇಕು.

ಠಾಣೆ ಲೆಕ್ಕಿಗ

ಅದಕ್ಕೇ ಬರುತ್ತಿದ್ದೆ, ಮಾವನವರೇ. 200ರಿಂದ 300 ಗ್ರಾಮಿನವರೆಗಿನ ಪೊಟ್ಟಣಕ್ಕೆ 9 ಗ್ರಾಮಿನ ವ್ಯತ್ಯಾಸದ ಮಿತಿ ಇರುವುದು ಸತ್ಯ. ಆದರೆ ಅದು ತುಂಬುವಾಗ ಒಂದು ಪೊಟ್ಟಣದಲ್ಲಿ ಸ್ವಲ್ಪ ಹೆಚ್ಚು, ಇನ್ನೊಂದರಲ್ಲಿ ಸ್ವಲ್ಪ ಕಡಿಮೆ ಬೀಳುವುದಕ್ಕೆ ಕೊಟ್ಟ ಅವಕಾಶ. ಪರೀಕ್ಷೆಗೆ ತೆಗೆದ ಮಾದರಿಗಳ ಸರಾಸರಿ 250ಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಮನೆಯಿಂದ ಮಾರುವವರಲ್ಲಿ ನಾನು ಕಂಡಿರುವ ಸಾಮಾನ್ಯ ತೊಂದರೆ ಇದು. ಖಾಲಿ ಪೌಚಿನ ತೂಕ 8 ಗ್ರಾಂ ಎಂದುಕೊಳ್ಳಿ. ಪೌಚನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡದೆ ಪುಡಿ ಸುರಿಯುತ್ತಾ 250 ಬಂದಾಗ ನಿಲ್ಲಿಸಿದರೆ ಒಳಗಿರುವುದು 242. ಕೊರತೆ 8 ಗ್ರಾಂ, ಆದ್ದರಿಂದ ಒಂದೊಂದೇ ಪೊಟ್ಟಣ ನೋಡಿದರೆ ಎಲ್ಲವೂ ಪಾಸು. ಆದರೆ ಎಲ್ಲ ಪೊಟ್ಟಣಗಳೂ 242 ಆದ್ದರಿಂದ ಸರಾಸರಿಯೂ 242, ಇಡೀ ಬ್ಯಾಚು ಫೇಲು. ತಕ್ಕಡಿಗೆ ಪ್ರತಿ ವರ್ಷ ಮಹಾರಾಷ್ಟ್ರದ ವೈಧ ಮಾಪನ ಕಚೇರಿಯ ಮುದ್ರೆಯೂ ಬೇಕು. ಅಡುಗೆಮನೆಗೆಂದು ತರಿಸಿದ ಅಗ್ಗದ ಡಿಜಿಟಲ್ ತಕ್ಕಡಿಗೆ ಆ ಮುದ್ರೆ ಸಿಗುವುದಿಲ್ಲ.

ಡೊಂಬಿವಲಿ ಅಡುಗೆಮನೆ

ನಮ್ಮ ತಕ್ಕಡಿಗೆ ಮುದ್ರೆ ಇದೆ ಮತ್ತು ಪೌಚನ್ನು ಇಟ್ಟು ಸೊನ್ನೆ ಮಾಡಿಯೇ ತುಂಬುತ್ತೇವೆ. 280 ಕೊರಿಯರ್ ತೂಕವೇ ಹೌದು, ಅದನ್ನು ಸರಿಯಾದ ಖಾನೆಗೆ ಸರಿಸುತ್ತೇನೆ.

ಈಗ ಬಾಳಿಕೆಯ ಪ್ರಶ್ನೆ. ಮಾರುಕಟ್ಟೆಯಲ್ಲಿ ಇಂಥ ಪುಡಿಗಳ ಮೇಲೆ ಆರು ತಿಂಗಳು ಎಂದು ಇರುವುದನ್ನು ನೋಡಿ ನಾವೂ ಹಾಗೆ ಬರೆದೆವು. ಕೆಲವರು ನಾಲ್ಕು ತಿಂಗಳು ಎನ್ನುತ್ತಾರೆ, ಕೆಲವರು ಒಂಬತ್ತು. ಇದನ್ನು ನಿರ್ಧರಿಸುವವರು ಯಾರು?

ಭೋಸರಿ ಹಳಬ

ನೀವೇ ನಿರ್ಧರಿಸಬೇಕು, ಮತ್ತು ಕೇಳಿದಾಗ ಆಧಾರ ತೋರಿಸಲು ಬರಬೇಕು. ಬೇರೆಯವರ ಪೊಟ್ಟಣ ನೋಡಿ ಬರೆಯುವುದು ಅಪಾಯ, ಏಕೆಂದರೆ ಅವರ ಪುಡಿಯಲ್ಲಿ ಕೊಬ್ಬರಿ ಇರಲಿಕ್ಕಿಲ್ಲ, ಅವರು ಅಲ್ಯೂಮಿನಿಯಂ ಪದರದ ಪೌಚಿನಲ್ಲಿ ಸಾರಜನಕ ತುಂಬಿ ಮುಚ್ಚಿರಬಹುದು.

ಶೇಂಗಾ ಚಟ್ನಿಪುಡಿ ಸಾಮಾನ್ಯವಾಗಿ ಬೂಸ್ಟು ಹಿಡಿದು ಕೆಡುವುದಿಲ್ಲ. ಅದರಲ್ಲಿ ಸೂಕ್ಷ್ಮಜೀವಿಗಳಿಗೆ ಸಿಗುವಷ್ಟು ನೀರು ಇರುವುದಿಲ್ಲ. ಅದು ಕೆಡುವುದು ಎಣ್ಣೆಯಿಂದ. ಹುರಿದು ಪುಡಿ ಮಾಡಿದಾಗ ಶೇಂಗಾದ ಎಣ್ಣೆ ಹೊರಬಂದು ಗಾಳಿಗೆ ತೆರೆದುಕೊಳ್ಳುತ್ತದೆ, ಜೊತೆಗೆ ಕೊಬ್ಬರಿಯ ಎಣ್ಣೆಯೂ ಸೇರುತ್ತದೆ. ಗಾಳಿ, ಬೆಳಕು, ಶಾಖ ಮೂರೂ ಸೇರಿ ಅದನ್ನು ಕಮಟು ಮಾಡುತ್ತವೆ. ಆದ್ದರಿಂದ ಒಳಗಿನದು ಕಾಣಲಿ ಎಂದು ಪಾರದರ್ಶಕ ಕಿಟಕಿ ಇರುವ ಪೌಚು ಆರಿಸಿದವರು ಬಾಳಿಕೆಯನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ. ಬೂಸ್ಟಿನ ಭಯ ಇರುವುದು ಬೆಳ್ಳುಳ್ಳಿಯಲ್ಲಿ ಮಾತ್ರ. ಅದನ್ನು ಗರಿಗರಿಯಾಗುವವರೆಗೆ ಹುರಿಯದೆ ಹಸಿಯಾಗಿ ಕುಟ್ಟಿ ಸೇರಿಸಿದರೆ ತೇವ ಪುಡಿಯೊಳಗೆ ಹೋಗುತ್ತದೆ, ಮುಂಬೈಯ ಮಳೆಗಾಲದಲ್ಲಿ ಪುಡಿ ಗಂಟು ಕಟ್ಟಿ ಮುಗ್ಗಲು ವಾಸನೆ ಬರುತ್ತದೆ.

ನಿಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಇಷ್ಟು. ಒಂದೇ ಬ್ಯಾಚಿನಿಂದ, ಮಾರುವ ಪೌಚಿನಲ್ಲಿಯೇ ಮುಚ್ಚಿದ ಕೆಲವು ಪೊಟ್ಟಣಗಳನ್ನು ಪಕ್ಕಕ್ಕಿಡಿ. ಫ್ರಿಜ್ಜಿನಲ್ಲಿ ಬೇಡ, ಗಿರಾಕಿಯ ಮನೆಯಲ್ಲಿ ಇರುವಂಥ ಮಾಮೂಲಿ ಕಪಾಟಿನಲ್ಲಿ ಇಡಿ. ಎರಡು ವಾರಕ್ಕೊಮ್ಮೆ ಒಂದನ್ನು ತೆರೆದು, ತಯಾರಿಕೆಯಲ್ಲಿ ಭಾಗವಹಿಸದ ಒಬ್ಬರಿಗೆ ಹೊಸದಾಗಿ ಮಾಡಿದ ಪುಡಿಯ ಜೊತೆಗೆ ಕೊಟ್ಟು ಮೂಸಿ, ರುಚಿ ನೋಡಿ ಹೇಳಲು ಕೇಳಿ. ಮೊದಲು ಕಮಟು ಕಂಡದ್ದು ಯಾವಾಗ ಎಂದು ಬರೆದಿಡಿ. ಜೊತೆಗೆ ಒಂದು ಪ್ರಯೋಗಾಲಯದಲ್ಲಿ ಪೆರಾಕ್ಸೈಡ್ ಅಂಕ ಮತ್ತು ತೇವಾಂಶ ನೋಡಿಸಿದರೆ ಒಳ್ಳೆಯದು. ಕಮಟು ಬಂದ ದಿನಕ್ಕಿಂತ ಸಾಕಷ್ಟು ಹಿಂದಿನ ಅವಧಿಯನ್ನೇ ಬಾಳಿಕೆ ಎಂದು ಘೋಷಿಸಿ, ಮತ್ತು ಈ ಪರೀಕ್ಷೆಯನ್ನು ಚಳಿಗಾಲದಲ್ಲಿ ಮಾತ್ರ ಮಾಡಿ ನೆಮ್ಮದಿಯಾಗಿರಬೇಡಿ.

ಇನ್ನೊಂದು ಅಂಶದಲ್ಲಿ ಮಾಟುಂಗಾ ರಾಯರು ಹಳೆಯ ನಿಯಮದಲ್ಲಿಯೇ ಉಳಿದಿದ್ದಾರೆ. ಈಗ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕದ ಜೊತೆಗೆ "Expiry" ಅಥವಾ "Use by" ದಿನಾಂಕ ಕಡ್ಡಾಯ. ಬೆಸ್ಟ್ ಬಿಫೋರ್ ಅನ್ನು ಬೇಕಾದರೆ ಹೆಚ್ಚುವರಿಯಾಗಿ ಹಾಕಬಹುದು, ಅದೊಂದೇ ಸಾಲದು. ಬಾಳಿಕೆ ಮೂರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ದಿನ, ತಿಂಗಳು, ವರ್ಷ ಮೂರೂ ಬೇಕು. ಅದಕ್ಕಿಂತ ಹೆಚ್ಚಿದ್ದರೆ ತಿಂಗಳು ಮತ್ತು ವರ್ಷ ಸಾಕು.

ಡೊಂಬಿವಲಿ ಅಡುಗೆಮನೆ

ಲಿಸ್ಟಿಂಗಿನಲ್ಲಿ ಯಾವ ದಿನಾಂಕ ಹಾಕುವುದು? ನಾವು ಪ್ರತಿ ವಾರ ಹೊಸ ಬ್ಯಾಚು ಮಾಡುತ್ತೇವೆ.

ಭೋಸರಿ ಹಳಬ

ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಪೌಚಿನ ಮೇಲೆ ಇರಲಿ, ಲಿಸ್ಟಿಂಗಿನಲ್ಲಿ ಅವು ಕಡ್ಡಾಯವಲ್ಲ. ಅಲ್ಲಿ ಬಾಳಿಕೆಯ ಅವಧಿಯನ್ನು ಹೇಳಿ, ಉದಾಹರಣೆಗೆ "ಪ್ಯಾಕ್ ಮಾಡಿದ ದಿನದಿಂದ 90 ದಿನ". ಸಂಗ್ರಹಣೆಯ ಸೂಚನೆಯನ್ನು ಎರಡು ಭಾಗವಾಗಿ ಬರೆಯಿರಿ, ತೆರೆಯುವ ಮೊದಲು ಎಲ್ಲಿಡಬೇಕು, ತೆರೆದ ಮೇಲೆ ಹೇಗಿಡಬೇಕು. "ತಂಪಾದ ಒಣ ಜಾಗದಲ್ಲಿಡಿ" ಎನ್ನುವುದು ಎಲ್ಲರೂ ಬರೆಯುವ ಮಾತು, ಆದರೆ ಪುಡಿ ಹಾಳಾಗುವುದು ಹೆಚ್ಚಾಗಿ ಒದ್ದೆ ಚಮಚದಿಂದ. ಆದ್ದರಿಂದ "ತೆರೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ, ಒಣ ಚಮಚ ಬಳಸಿ, ಇಷ್ಟು ದಿನದೊಳಗೆ ಮುಗಿಸಿ" ಎಂದು ಬರೆಯಿರಿ. ಆ ದಿನಗಳ ಸಂಖ್ಯೆಯೂ ನಿಮ್ಮ ಪರೀಕ್ಷೆಯಿಂದಲೇ ಬರಬೇಕು.

ಠಾಣೆ ಲೆಕ್ಕಿಗ

90 ದಿನ ಎಂದು ಬರೆದರೆ ಒಂದು ತೊಡಕಿದೆ. ಆನ್‌ಲೈನಿನಲ್ಲಿ ಮಾರಿದ ಆಹಾರ ಗಿರಾಕಿಯ ಕೈ ಸೇರುವಾಗ ಬಾಳಿಕೆಯ ಶೇ. 30 ಅಥವಾ 45 ದಿನ ಉಳಿದಿರಬೇಕು ಎಂದು ಪ್ರಾಧಿಕಾರದ ಸೂಚನೆ ಇದೆ. 90ಕ್ಕೆ ಶೇ. 30 ಎಂದರೆ 27 ದಿನ. ಜಾಲತಾಣ 27 ಹಿಡಿಯುತ್ತದೆಯೋ 45 ಹಿಡಿಯುತ್ತದೆಯೋ ಎಂಬುದರ ಮೇಲೆ ನಿಮಗೆ ಮಾರಲು ಸಿಗುವ ದಿನಗಳು 63 ಅಥವಾ 45. ಸರಕನ್ನು ಅವರ ಗೋದಾಮಿಗೆ ಕಳುಹಿಸುವ ಮೊದಲು ಇದನ್ನು ಲಿಖಿತವಾಗಿ ಕೇಳಿಕೊಳ್ಳಿ. ಗೋದಾಮಿಗೆ ತೆಗೆದುಕೊಳ್ಳಲು ಅವರವರದೇ ಇನ್ನೂ ಬಿಗಿಯಾದ ಷರತ್ತುಗಳೂ ಇರುತ್ತವೆ.

ಮಾಟುಂಗಾ ಮಾವ

ಅದಕ್ಕೇ ಎಲ್ಲರೂ ಆರು ತಿಂಗಳು ಎಂದು ಬರೆಯುವುದು.

ಕೋಥ್ರೂಡ್ ತಾಯಿ

ಅದಕ್ಕೇ ನಾಲ್ಕನೆಯ ತಿಂಗಳಿಗೆ ಕಮಟು ವಾಸನೆ ಬರುವುದು.

ವಾಶಿ ಮಂಡಿ

ಅಕ್ಕ, ಎಳ್ಳು ಹಾಕುವುದಿಲ್ಲವೇ? ಎಳ್ಳಿಲ್ಲದ ಶೇಂಗಾ ಚಟ್ನಿಯನ್ನು ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ.

ಡೊಂಬಿವಲಿ ಅಡುಗೆಮನೆ

ಶೇಂಗಾ ಚಟ್ನಿಗೆ ಇಲ್ಲ, ಆದರೆ ಅಗಸಿ ಚಟ್ನಿಗೆ ಹಾಕುತ್ತೇವೆ, ಅದೇ ಮಿಕ್ಸರಿನಲ್ಲಿ. ದೀಪಾವಳಿಯಲ್ಲಿ ಗೋಡಂಬಿ, ತುಪ್ಪ ಹಾಕಿದ ಉಂಡೆಗಳಿಗೂ ಅದೇ ಮಿಕ್ಸರ್. ಇದನ್ನೂ ಬರೆಯಬೇಕೇ?

ಭೋಸರಿ ಹಳಬ

ಗೋಡಂಬಿ ಮತ್ತು ಹಾಲಿನ ವಿಷಯದಲ್ಲಿ ಹೌದು, ಅದು "May contain" ಸಾಲಿಗೆ ಸೇರುತ್ತದೆ. ಬೇಕೆಂದು ಹಾಕಿದ್ದು "Contains" ಸಾಲಿನಲ್ಲಿ, ಪಾತ್ರೆ ಯಂತ್ರಗಳಿಂದ ಅಕಸ್ಮಾತ್ ಸೇರಬಹುದಾದದ್ದು "May contain" ಸಾಲಿನಲ್ಲಿ. ಎಳ್ಳು ನಮ್ಮ ದೇಶದ ಕಡ್ಡಾಯ ಪಟ್ಟಿಯಲ್ಲಿ ಇಲ್ಲ. ಅಮೆರಿಕದಲ್ಲಿ 2023ರಿಂದ ಕಡ್ಡಾಯವಾಗಿದೆ, ಯುರೋಪಿನಲ್ಲಿ ಎಳ್ಳಿನ ಜೊತೆಗೆ ಸಾಸಿವೆಯೂ ಇದೆ. ನಾನಾದರೆ ಎಳ್ಳನ್ನೂ ಹೇಳುತ್ತೇನೆ.

ಠಾಣೆ ಲೆಕ್ಕಿಗ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಕೇಳದ್ದನ್ನೆಲ್ಲ "ಇರಬಹುದು" ಎಂದು ಬರೆಯುತ್ತಾ ಹೋದರೆ ಎಲ್ಲ ಪೊಟ್ಟಣಗಳ ಮೇಲೂ ಒಂದೇ ಉದ್ದನೆಯ ಸಾಲು ಬಂದು ಯಾರೂ ಅದನ್ನು ಓದದಂತಾಗುತ್ತದೆ. ಉಂಡೆಗೆ ಬೇರೆ ಮಿಕ್ಸರ್ ಇಟ್ಟರೆ ಆ ಸಾಲೇ ಬೇಕಾಗುವುದಿಲ್ಲ.

ಕೋಥ್ರೂಡ್ ತಾಯಿ

ಬೇರೆ ಮಿಕ್ಸರ್ ಇಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಇಡಲು ಆಗದಿದ್ದರೆ ಬರೆಯಿರಿ. ಓದುವವರು ಓದುತ್ತಾರೆ, ಲೆಕ್ಕಿಗರೇ.

ವಾಸ್ಕೋ ಹುಡುಗ

ಕೊಬ್ಬರಿ ಕೂಡ ಮರದ್ದೇ ಅಲ್ಲವೇ? ಹಾಗಾದರೆ ಅದೂ ಮರದ ಬೀಜದ ಅಲರ್ಜಿಯ ಪಟ್ಟಿಗೆ ಬರಬೇಕಲ್ಲ?

ಭೋಸರಿ ಹಳಬ

ಈ ಬಾರಿ ತಮ್ಮ ಸರಿಯಾದ ಕಡೆಗೇ ಕೈಯಿಟ್ಟಿದ್ದಾನೆ. ಅಮೆರಿಕದ ಆಹಾರ ಇಲಾಖೆ ಬಹುಕಾಲ ತೆಂಗನ್ನು ಮರದ ಬೀಜಗಳ ಜೊತೆ ಎಣಿಸುತ್ತಿತ್ತು, 2025ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ನಮ್ಮ ತೆಂಗಿನ ಸೀಮೆಯಲ್ಲಿ ಅದನ್ನು ಅಲರ್ಜಿಕಾರಕ ಎಂದು ಬರೆದವರನ್ನು ನಾನು ಕಂಡಿಲ್ಲ. ಘಟಕಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿ ಸ್ಪಷ್ಟವಾಗಿ ಇರುವುದರಿಂದ ಅಲ್ಲಿಗೆ ಬಿಡಬಹುದು ಎನ್ನುವುದು ನನ್ನ ಅಭಿಪ್ರಾಯ. ಜಾಲತಾಣದವರು ಪಟ್ಟು ಹಿಡಿದರೆ ಬರೆಯಿರಿ, ಬರೆಯುವುದರಿಂದ ನಷ್ಟವಿಲ್ಲ.

ಡೊಂಬಿವಲಿ ಅಡುಗೆಮನೆ

ಎಲ್ಲರ ಮಾತನ್ನೂ ಸೇರಿಸಿ ಹೀಗೆ ತಿದ್ದಿದ್ದೇನೆ. ದಯವಿಟ್ಟು ನೋಡಿ.

```
Net Quantity: 250 g
Ingredients: Peanut, dry coconut, chilli powder,
  garlic, iodised salt, jaggery, cumin, compounded
  asafoetida (edible gum, wheat flour, asafoetida)
Contains: Peanut, Wheat
May contain: Tree nuts, Milk
```

ಬಾಳಿಕೆಯ ಖಾನೆಯನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಪೊಟ್ಟಣಗಳನ್ನು ಕಪಾಟಿನಲ್ಲಿಟ್ಟು ನೋಡಿದ ಮೇಲೆಯೇ ತುಂಬುತ್ತೇನೆ. ಪೌಚಿನ ಮೇಲೆ ಕನ್ನಡದಲ್ಲಿಯೂ ಬರೆಯಬಹುದೇ?

ಠಾಣೆ ಲೆಕ್ಕಿಗ

ಬರೆಯಬಹುದು. ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿ ಕಡ್ಡಾಯ, ಅದರ ಜೊತೆಗೆ ಬೇರೆ ಭಾಷೆ ನಿಮ್ಮಿಷ್ಟ. ಆದರೆ ಎರಡೂ ಕಡೆ ವಿವರ ಒಂದೇ ಆಗಿರಬೇಕು.

ಭೋಸರಿ ಹಳಬ

ಬೆಳ್ಳುಳ್ಳಿಯನ್ನು ಉಪ್ಪಿಗಿಂತ ಮುಂದೆ ಇಟ್ಟದ್ದು ಸರಿ. ಹುರಿದ ಮೇಲೆ ಅದರ ತೂಕ ಇಳಿಯುವುದನ್ನು ನೋಡಿ ಕೆಲವರು ಹಿಂದಕ್ಕೆ ಸರಿಸುತ್ತಾರೆ, ಹಾಗೆ ಮಾಡಬೇಡಿ. ಒಂದು ವಿಷಯ ಮಾತ್ರ ಉಳಿದಿದೆ. ಲಿಸ್ಟಿಂಗಿನ ಚಿತ್ರಗಳಲ್ಲಿ ಪೌಚಿನ ಮುಂಬದಿ ಮಾತ್ರ ಇದ್ದರೆ ಹಿಂಬದಿಯ ಚಿತ್ರವನ್ನೂ ಓದಲು ಬರುವಷ್ಟು ದೊಡ್ಡದಾಗಿ ಹಾಕಿ, ಮತ್ತು ಇಂಗು ಬದಲಿಸಿದ ದಿನವೇ ಆ ಚಿತ್ರವನ್ನೂ ಬದಲಿಸಿ.

ವಾಶಿ ಮಂಡಿ

ಅಕ್ಕಿ ಹಿಟ್ಟಿನ ಇಂಗಿನ ದರ ಬೇಕಾದರೆ ನನಗೆ ಸಂದೇಶ ಕಳುಹಿಸಿ, ಅಕ್ಕ. ಡಬ್ಬಿಯ ಹಿಂಬದಿಯ ಫೋಟೋವನ್ನು ಮೊದಲು ಕಳುಹಿಸುತ್ತೇನೆ, ದರವನ್ನು ಆಮೇಲೆ ಮಾತಾಡೋಣ.

ಮಾಟುಂಗಾ ಮಾವ

ಕಮಟು ಬಂದಿದೆಯೇ ಎಂದು ಮೂಸಿ ನೋಡಲು ತಯಾರಿಕೆಯಲ್ಲಿ ಭಾಗವಹಿಸದ ಒಬ್ಬರು ಬೇಕು ಎಂದರಲ್ಲ, ಆ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಡೊಂಬಿವಲಿಯಿಂದ ಮಾಟುಂಗಾಕ್ಕೆ ಲೋಕಲ್ ರೈಲಿನಲ್ಲಿ ಕಳುಹಿಸಿದರೂ ಸಾಕು.